ಕ್ಯಾಸ್ಪೇಸ್-8 ಬ್ಯಾಂಡ್ ಕಂಡರೆ ಹೊರದಾರಿ ಅಂತ ಬರೆಯಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಜರ್ಕಟ್ ಕೋಶಗಳಿಗೆ 25 ಮೈಕ್ರೋಮೋಲಾರ್ ಎಟೊಪೊಸೈಡ್ ಹಾಕಿ, 16 ಗಂಟೆ ಬಿಟ್ಟು ವೆಸ್ಟರ್ನ್ ಬ್ಲಾಟ್ ಮಾಡಿದೆ. ಕ್ಯಾಸ್ಪೇಸ್-3, 8, 9 ಮೂರರಲ್ಲೂ ಕತ್ತರಿಸಿದ ಬ್ಯಾಂಡ್ ಬಂದಿದೆ. ಕೋಶ ಸಾಯುವ ದಾರಿಗಳಲ್ಲಿ 8 ಅಂದರೆ ಎಕ್ಸ್‌ಟ್ರಿನ್ಸಿಕ್, ಹೊರದಾರಿ; 9 ಅಂದರೆ ಇಂಟ್ರಿನ್ಸಿಕ್, ಒಳದಾರಿ ಅಂತ ಓದಿದ್ದೇನೆ. ಹಾಗಾದರೆ ಎರಡೂ ದಾರಿ ಶುರುವಾಗಿವೆ ಅಂತ ರಿಪೋರ್ಟ್‌ನಲ್ಲಿ ಬರೆಯಬಹುದಾ? ಗೈಡ್ ಬರೀರಿ ಅಂತಾರೆ, ನನಗೆ ಧೈರ್ಯ ಬರ್ತಿಲ್ಲ.

ಉತ್ತರ: ಬರೆಯಬೇಡಿ. ನಿಮ್ಮ ಅನುಮಾನ ಸರಿಯಾಗಿದೆ. ಈ ಒಂದು ಬ್ಲಾಟ್ ಇಟ್ಟುಕೊಂಡು ಅಷ್ಟು ಹೇಳಲು ಆಗುವುದಿಲ್ಲ. ನೀವು ಕೊಟ್ಟ ವಿವರ ನೋಡಿದರೆ ಅಲ್ಲಿ ಶುರುವಾಗಿರುವುದು ಬಹುಮಟ್ಟಿಗೆ ಒಳದಾರಿ, ಅಂದರೆ ಮೈಟೊಕಾಂಡ್ರಿಯಾದ ದಾರಿ ಒಂದೇ. ಕ್ಯಾಸ್ಪೇಸ್-8 ಕತ್ತರಿಸಿಕೊಂಡಿರುವುದು ಆ ದಾರಿಯ ಕೊನೆಯಲ್ಲಿ. ಇದು ಯಾಕೆ ಹೀಗೆ, ಇದನ್ನು ನಿಮ್ಮ ಲ್ಯಾಬಿನಲ್ಲೇ ಹೇಗೆ ಖಚಿತ ಮಾಡಿಕೊಳ್ಳಬಹುದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗೊಂದಲದ ಮೂಲ ಇರುವುದು ಒಂದು ನಂಬಿಕೆಯಲ್ಲಿ. ಕ್ಯಾಸ್ಪೇಸ್ ಕತ್ತರಿಸಿದಂತೆ ಕಂಡರೆ ಅದು ಚುರುಕಾಗಿದೆ ಎಂದೇ ಅರ್ಥ ಅಂತ ನಾವೆಲ್ಲ ಮೊದಲು ಕಲಿಯುತ್ತೇವೆ. ಈ ಮಾತು ಕ್ಯಾಸ್ಪೇಸ್-3ಕ್ಕೆ ಸರಿ. ಕ್ಯಾಸ್ಪೇಸ್-9ಕ್ಕೆ ತಪ್ಪು. ಕ್ಯಾಸ್ಪೇಸ್-8ಕ್ಕೆ ಅರ್ಧ ಸರಿ.

ಕ್ಯಾಸ್ಪೇಸ್‌ಗಳು ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಕೋಶ ತನ್ನನ್ನೇ ಕಳಚಿಕೊಂಡು ಸಾಯುವ ಅಪಾಪ್ಟೋಸಿಸ್‌ನಲ್ಲಿ ಕೆಲಸ ಮಾಡುವವು. ಆಸ್ಪಾರ್ಟಿಕ್ ಆಮ್ಲದ ಪಕ್ಕದಲ್ಲೇ ಕತ್ತರಿಸುತ್ತವೆ, ಅದು ಅವುಗಳ ಗುರುತು. ಆರೋಗ್ಯವಾಗಿರುವ ಕೋಶದಲ್ಲೂ ಅವು ತಯಾರಾಗಿ ಇರುತ್ತವೆ, ಆದರೆ ನಿದ್ದೆಯಲ್ಲಿರುತ್ತವೆ. ಮೊದಲು ಏಳುವ 8 ಮತ್ತು 9 ಇನಿಷಿಯೇಟರ್‌ಗಳು. ಆಮೇಲೆ ಎದ್ದು ಕೋಶವನ್ನು ನಿಜವಾಗಿ ಕಳಚಿಹಾಕುವ 3, 6, 7 ಎಕ್ಸಿಕ್ಯೂಷನರ್‌ಗಳು. ಈ ಎರಡು ಗುಂಪುಗಳು ಏಳುವ ರೀತಿಯೇ ಬೇರೆ.

ಕ್ಯಾಸ್ಪೇಸ್-3ನ್ನು ಮೊದಲು ನೋಡೋಣ, ಅದು ಸರಳ. ನಿದ್ದೆಯಲ್ಲಿರುವಾಗಲೇ ಅದು ಜೋಡಿಯಾಗಿ ಇರುತ್ತದೆ, ಎರಡು ಅಣು ಒಂದಕ್ಕೊಂದು ಅಂಟಿಕೊಂಡು. ಆದರೆ ದೊಡ್ಡ ತುಂಡು ಮತ್ತು ಚಿಕ್ಕ ತುಂಡನ್ನು ಕಟ್ಟಿರುವ ಒಂದು ಎಳೆ ಅಡ್ಡಿ ಮಾಡುತ್ತಿರುತ್ತದೆ. ಆ ಎಳೆ ಇರುವವರೆಗೆ ಕಿಣ್ವದ ಕೆಲಸದ ಜಾಗ ಸರಿಯಾಗಿ ರೂಪುಗೊಳ್ಳುವುದಿಲ್ಲ. 175ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲದ ಬಳಿ ಬೇರೆ ಯಾರಾದರೂ ಆ ಎಳೆಯನ್ನು ಕತ್ತರಿಸಿದರೆ ಪ್ರೋಟೀನಿನ ಮಡಿಕೆಗಳು ಜಾಗ ಬದಲಿಸುತ್ತವೆ, ಕಿಣ್ವ ಕೆಲಸಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಬ್ಲಾಟ್‌ನಲ್ಲಿ 35 ಕಿಲೋಡಾಲ್ಟನ್ ಬ್ಯಾಂಡ್ ಕರಗಿ 17 ಮತ್ತು 19ರ ಬ್ಯಾಂಡ್ ಬಂದಿದ್ದರೆ ಕ್ಯಾಸ್ಪೇಸ್-3 ಎದ್ದಿದೆ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇನಿಷಿಯೇಟರ್‌ಗಳ ಕಥೆ ಹಾಗಲ್ಲ. ಅವು ಒಂಟಿಯಾಗಿ ಓಡಾಡಿಕೊಂಡಿರುತ್ತವೆ. ಅವುಗಳ ಮೇಲೆ ಇನ್ನೊಂದು ಕ್ಯಾಸ್ಪೇಸ್ ಇಲ್ಲ, ಬಂದು ಕತ್ತರಿಸಿ ಎಬ್ಬಿಸಲು ಯಾರೂ ಇಲ್ಲ. ಅವು ಏಳುವುದು ಇನ್ನೊಂದರ ಪಕ್ಕಕ್ಕೆ ಬಂದು ಜೋಡಿಯಾದಾಗ. ಆ ಜೋಡಿ ಮಾಡಿಸಲು ಕೋಶದಲ್ಲಿ ಒಂದು ವೇದಿಕೆ ಕಟ್ಟಬೇಕು. ಒಳದಾರಿ, ಹೊರದಾರಿ ಎಂಬ ವ್ಯತ್ಯಾಸದ ತಿರುಳು ಇದೇ: ವೇದಿಕೆ ಎಲ್ಲಿ ಕಟ್ಟಿತು, ಯಾಕೆ ಕಟ್ಟಿತು.

ಒಳದಾರಿಯ ವೇದಿಕೆ ಸಿಕ್ಕಿದ್ದು ಅನಿರೀಕ್ಷಿತವಾಗಿ. 1996ರಲ್ಲಿ ಶಿಯಾವ್‌ಡಾಂಗ್ ವಾಂಗ್ ಅವರ ತಂಡ ಹೀಲಾ ಕೋಶಗಳ ಸಾರ ತೆಗೆದು, ಅದಕ್ಕೆ ಡಿಎಟಿಪಿ ಸೇರಿಸಿ, ಕ್ಯಾಸ್ಪೇಸ್-3ನ್ನು ಎಬ್ಬಿಸುವ ಪ್ರೋಟೀನ್ ಯಾವುದು ಎಂದು ಸೋಸುತ್ತಾ ಹೋಯಿತು. ಕೊನೆಗೆ ಕೈಗೆ ಬಂದಿದ್ದು ಸೈಟೊಕ್ರೋಮ್ ಸಿ. ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್ ಸಾಗಿಸುವ, ಉಸಿರಾಟಕ್ಕೆ ಬೇಕೇ ಬೇಕಾದ ಅದೇ ಪ್ರೋಟೀನ್! ಒಳಗಿದ್ದರೆ ಕೋಶ ಬದುಕುತ್ತದೆ, ಹೊರಗೆ ಸೋರಿದರೆ ಸಾಯುತ್ತದೆ. ಮುಂದಿನ ವರ್ಷ ಅದೇ ತಂಡ ಅಪಾಫ್-1 ಮತ್ತು ಕ್ಯಾಸ್ಪೇಸ್-9ರ ಪಾತ್ರವನ್ನೂ ಬಿಡಿಸಿತು. ಸೈಟೊಕ್ರೋಮ್ ಸಿ ಬಂದು ಅಂಟಿದಾಗ ಅಪಾಫ್-1 ಬಿಚ್ಚಿಕೊಳ್ಳುತ್ತದೆ. ಏಳು ಅಪಾಫ್-1 ಸೇರಿ ಒಂದು ಚಕ್ರವಾಗುತ್ತದೆ. ಇದೇ ಅಪಾಪ್ಟೊಸೋಮ್. ಈ ಚಕ್ರದ ಮೇಲೆ ಕ್ಯಾಸ್ಪೇಸ್-9 ಬಂದು ಕೂರುತ್ತದೆ, ಅಲ್ಲೇ ಎಚ್ಚರವಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕತ್ತರಿಸಲಾಗದಂತೆ ಬದಲಾಯಿಸಿದ ಕ್ಯಾಸ್ಪೇಸ್-9 ಕೂಡ ಈ ಚಕ್ರದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಕತ್ತರಿಸಿದ ಕ್ಯಾಸ್ಪೇಸ್-9ನ್ನು ಚಕ್ರವಿಲ್ಲದೆ ಒಂಟಿಯಾಗಿ ಇಟ್ಟರೆ ಹೆಚ್ಚೇನೂ ಮಾಡುವುದಿಲ್ಲ. ಅಂದರೆ ನಿಮ್ಮ ಬ್ಲಾಟ್ ತೋರಿಸುತ್ತಿರುವ ಕಡಿತ ಅದರ ಎಚ್ಚರಕ್ಕೆ ಕಾರಣವೇ ಅಲ್ಲ. ಜೊತೆಗೆ ಅದು ಎರಡು ಕಡೆ ಕತ್ತರಿಸಿಕೊಳ್ಳುತ್ತದೆ. 315ನೇ ಸ್ಥಾನದಲ್ಲಿ ತನ್ನನ್ನು ತಾನೇ ಕತ್ತರಿಸಿಕೊಂಡರೆ 35 ಕಿಲೋಡಾಲ್ಟನ್ ತುಂಡು. 330ನೇ ಸ್ಥಾನದಲ್ಲಿ ಕ್ಯಾಸ್ಪೇಸ್-3 ಬಂದು ಕತ್ತರಿಸಿದರೆ 37ರ ತುಂಡು. ಹೀಗಾಗಿ ಕತ್ತರಿಸಿದ ಕ್ಯಾಸ್ಪೇಸ್-9 ಕಂಡಿತು ಅಂದರೆ, ಕ್ಯಾಸ್ಪೇಸ್-3 ಹಿಂದಿರುಗಿ ಬಂದು ಅದನ್ನು ಕತ್ತರಿಸಿರಬಹುದು. ನಿಮ್ಮ ಆಂಟಿಬಾಡಿಯ ಮಾಹಿತಿ ಹಾಳೆ ತೆಗೆದು ಯಾವ ಸ್ಥಾನದ ಕಡಿತವನ್ನು ಅದು ಗುರುತಿಸುತ್ತದೆ ಎಂದು ಓದಿ. 330 ಅಂತ ಇದ್ದರೆ ನೀವು ನೋಡುತ್ತಿರುವುದು ಕ್ಯಾಸ್ಪೇಸ್-3ರ ಕೈಕೆಲಸ.

ಹೊರದಾರಿಯ ವೇದಿಕೆ ಕಟ್ಟುವುದು ಕೋಶದ ಹೊರಪೊರೆಯ ಒಳಮಗ್ಗುಲಲ್ಲಿ. ಫ್ಯಾಸ್ ಅಥವಾ ಟ್ರೇಲ್ ರಿಸೆಪ್ಟರ್‌ಗೆ ಹೊರಗಿನಿಂದ ಲೈಗ್ಯಾಂಡ್ ಬಂದು ಅಂಟಬೇಕು. ಆಗ ರಿಸೆಪ್ಟರ್‌ಗಳು ಗುಂಪಾಗುತ್ತವೆ. ಒಳಗಿನಿಂದ ಫ್ಯಾಡ್ ಎಂಬ ಪ್ರೋಟೀನ್ ಬಂದು ಅಂಟುತ್ತದೆ. ಫ್ಯಾಡ್ ಕ್ಯಾಸ್ಪೇಸ್-8ನ್ನು ಎಳೆದುಕೊಳ್ಳುತ್ತದೆ. ಈ ಗುಂಪಿಗೆ ಡಿಸ್ಕ್ ಅನ್ನುತ್ತಾರೆ. ಅಲ್ಲಿ ಅಕ್ಕಪಕ್ಕ ಬಂದ ಕ್ಯಾಸ್ಪೇಸ್-8 ಜೋಡಿಯಾಗುತ್ತದೆ, ಎದ್ದೇಳುತ್ತದೆ, ಆಮೇಲೆ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. 55ರ ಆಸುಪಾಸಿನ ಪೂರ್ತಿ ಬ್ಯಾಂಡ್‌ನಿಂದ ಮೊದಲು 43 ಮತ್ತು 41ರ ತುಂಡು, ಆಮೇಲೆ 18ರ ತುಂಡು. ನಾನು ಅರ್ಧ ಸರಿ ಅಂದಿದ್ದು ಇದಕ್ಕೇ. ಫ್ಯಾಸ್ ದಾರಿಯಲ್ಲಿ ಕೋಶ ಸಾಯಬೇಕಾದರೆ ಕ್ಯಾಸ್ಪೇಸ್-8ಕ್ಕೆ ಜೋಡಿಯೂ ಬೇಕು, ಆ ಜೋಡಿಯನ್ನು ಗಟ್ಟಿ ಮಾಡುವ ಕಡಿತವೂ ಬೇಕು. ಆದರೆ ಜೋಡಿಯಾಗದೆ ಒಂಟಿಯಾಗಿರುವಾಗ ಯಾರೋ ಬಂದು ಕತ್ತರಿಸಿದರೆ ಅಷ್ಟರಿಂದಲೇ ಅದು ಏಳುವುದಿಲ್ಲ. ಬ್ಲಾಟ್‌ನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಈಗ ನಿಮ್ಮ ಕೋಶಕ್ಕೆ ಬರೋಣ. ಎಟೊಪೊಸೈಡ್ ಹಿಡಿಯುವುದು ಟೊಪೊಐಸೊಮರೇಸ್-2ನ್ನು. ಡಿಎನ್ಎ ಎರಡೂ ಎಳೆ ತುಂಡಾಗಿ ಉಳಿಯುತ್ತದೆ. ಆ ಪೆಟ್ಟಿನ ಸುದ್ದಿ ಬಿಸಿಎಲ್-2 ಕುಟುಂಬಕ್ಕೆ ತಲುಪುತ್ತದೆ. ಆ ಕುಟುಂಬದಲ್ಲಿ ಬಿಸಿಎಲ್-2 ಥರದವು ಕಾಯುವವು, ಬ್ಯಾಕ್ಸ್ ಮತ್ತು ಬ್ಯಾಕ್ ಮೈಟೊಕಾಂಡ್ರಿಯಾದ ಹೊರಪೊರೆಯನ್ನು ತೂತು ಮಾಡುವವು. ಇವೆರಡರ ನಡುವಿನ ತೂಕ ತಪ್ಪಿದಾಗ ಪೊರೆ ತೂತಾಗುತ್ತದೆ, ಸೈಟೊಕ್ರೋಮ್ ಸಿ ಸೋರುತ್ತದೆ, ಅಪಾಪ್ಟೊಸೋಮ್ ಕಟ್ಟುತ್ತದೆ, 9 ಏಳುತ್ತದೆ, 9 ಹೋಗಿ 3 ಮತ್ತು 7ನ್ನು ಕತ್ತರಿಸುತ್ತದೆ. ಇಲ್ಲಿಯವರೆಗೆ ಪುಸ್ತಕದ ಚಿತ್ರದಲ್ಲಿರುವುದೇ. ಆದರೆ ಚಿತ್ರ ಇಲ್ಲಿಗೆ ನಿಲ್ಲುತ್ತದೆ, ಕೋಶದಲ್ಲಿ ಕೆಲಸ ನಿಲ್ಲುವುದಿಲ್ಲ.

1999ರಲ್ಲಿ ಐರ್ಲೆಂಡಿನ ಸೀಮಸ್ ಮಾರ್ಟಿನ್ ಅವರ ತಂಡ ಮಾಡಿದ ಪ್ರಯೋಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಅವರು ತೆಗೆದುಕೊಂಡಿದ್ದೂ ಜರ್ಕಟ್ ಕೋಶಗಳನ್ನೇ. ಕೋಶ ಒಡೆದು ಸಾರ ಮಾಡಿದರು. ಅಲ್ಲಿ ಲೈಗ್ಯಾಂಡ್ ಹಾಕಲಿಲ್ಲ, ಯಾವ ರಿಸೆಪ್ಟರ್‌ನ್ನೂ ಮುಟ್ಟಲಿಲ್ಲ. ಬರೀ ಸೈಟೊಕ್ರೋಮ್ ಸಿ ಮತ್ತು ಡಿಎಟಿಪಿ ಹಾಕಿದರು. ಆದರೂ ಸ್ವಲ್ಪ ಹೊತ್ತಿಗೆ ಕ್ಯಾಸ್ಪೇಸ್-8 ಕತ್ತರಿಸಿಕೊಂಡಿತು! ಯಾರು ಕತ್ತರಿಸಿದ್ದು ಎಂದು ತಿಳಿಯಲು ಸಾರದಿಂದ ಒಂದೊಂದೇ ಕ್ಯಾಸ್ಪೇಸನ್ನು ಹಿಡಿದು ಹೊರಹಾಕಿ ನೋಡಿದರು. 9ನ್ನು ತೆಗೆದರೆ ಎಲ್ಲವೂ ನಿಂತಿತು. 3ನ್ನು ತೆಗೆದರೆ 2, 6, 8, 10ರ ಕಡಿತ ನಿಂತಿತು. 6ನ್ನು ತೆಗೆದರೆ 8 ಮತ್ತು 10ರದ್ದು ನಿಂತಿತು. ಸಾಲು ಹೀಗೆ ಸಿಕ್ಕಿತು: 9 ಎದ್ದು 3ನ್ನು ಎಬ್ಬಿಸುತ್ತದೆ, 3 ಹೋಗಿ 6ನ್ನು, 6 ಹೋಗಿ 8ನ್ನು. ಹೊರದಾರಿಯ ಹೆಬ್ಬಾಗಿಲಲ್ಲಿ ಇರಬೇಕಾದ ಕ್ಯಾಸ್ಪೇಸ್-8 ಇಲ್ಲಿ ಸಾಲಿನ ಬಾಲದಲ್ಲಿ ಬಂತು.

ನಿಮ್ಮ 16 ಗಂಟೆಯ ಮಾದರಿಯಲ್ಲಿ ಮೂರೂ ಬ್ಯಾಂಡ್ ಇರುವುದು ಇದರಿಂದ. ಸಾಲಿನ ಎಲ್ಲರೂ ಕೆಲಸ ಮುಗಿಸಿದ ಮೇಲೆ ನೀವು ಫೋಟೊ ತೆಗೆದಿದ್ದೀರಿ. ಯಾರು ಮೊದಲು ಬಂದರು ಅನ್ನುವುದು ಆ ಫೋಟೊದಲ್ಲಿ ಇಲ್ಲ.

ಬಿಡ್ ಎಂಬ ಪ್ರೋಟೀನ್ ಬಗ್ಗೆಯೂ ಇಲ್ಲೇ ಹೇಳಬೇಕು, ಯಾಕೆಂದರೆ ಗೈಡ್ ಮುಂದೆ ಅದನ್ನು ಕೇಳಬಹುದು. ಕ್ಯಾಸ್ಪೇಸ್-8 ಬಿಡ್ ಅನ್ನು ಕತ್ತರಿಸಿದರೆ ಅದರ 15 ಕಿಲೋಡಾಲ್ಟನ್ ತುಂಡು ಮೈಟೊಕಾಂಡ್ರಿಯಾಕ್ಕೆ ಹೋಗಿ ಬ್ಯಾಕ್ಸ್, ಬ್ಯಾಕ್ ಎರಡನ್ನೂ ಕೆರಳಿಸುತ್ತದೆ. ಹೊರದಾರಿ ಒಳದಾರಿಗೆ ಬಂದು ಸೇರುವ ಸೇತುವೆ ಇದು, 1998ರಲ್ಲಿ ಸಿಕ್ಕಿದ್ದು. ಹಾಗಾದರೆ ಬಿಡ್ ತುಂಡಾಗಿದ್ದು ಕಂಡರೆ ಹೊರದಾರಿ ಖಚಿತವೇ? ಅದೂ ಇಲ್ಲ. ಕ್ಯಾಸ್ಪೇಸ್-3 ಕೂಡ ಬಿಡ್ ಅನ್ನು ಕತ್ತರಿಸುತ್ತದೆ.

ಈ ಸೇತುವೆ ನಿಮ್ಮ ಕೋಶಗಳಿಗೆ ತುಂಬಾ ಮುಖ್ಯ. ಫ್ಯಾಸ್ ಮೂಲಕ ಸಾಯುವಾಗ ಕೆಲವು ಕೋಶಗಳಿಗೆ ಮೈಟೊಕಾಂಡ್ರಿಯಾ ಬೇಕಾಗುವುದೇ ಇಲ್ಲ. ಕ್ಯಾಸ್ಪೇಸ್-8 ನೇರವಾಗಿ ಕ್ಯಾಸ್ಪೇಸ್-3ನ್ನು ಕತ್ತರಿಸಿ ಕೆಲಸ ಮುಗಿಸುತ್ತದೆ. ಇವು ಟೈಪ್ 1 ಕೋಶಗಳು. ಜರ್ಕಟ್ ಟೈಪ್ 2. ಇವುಗಳಲ್ಲಿ ಡಿಸ್ಕ್ ಚಿಕ್ಕದಾಗಿ ಕಟ್ಟುತ್ತದೆ, ಕ್ಯಾಸ್ಪೇಸ್-8 ಸ್ವಲ್ಪವೇ ಏಳುತ್ತದೆ. ಆ ಸ್ವಲ್ಪಕ್ಕೆ ಅಡ್ಡ ನಿಲ್ಲುವುದು ಎಕ್ಸ್‌ಐಎಪಿ ಎಂಬ ಪ್ರೋಟೀನ್. ಅದು ಎದ್ದ ಕ್ಯಾಸ್ಪೇಸ್-3ರ ಮೇಲೆ ಕೂತು ಕೆಲಸ ಮಾಡಲು ಬಿಡುವುದಿಲ್ಲ. ಎಕ್ಸ್‌ಐಎಪಿಯನ್ನು ಅಲ್ಲಿಂದ ಕದಲಿಸಲು ಸ್ಮ್ಯಾಕ್ ಎಂಬ ಇನ್ನೊಂದು ಪ್ರೋಟೀನ್ ಬೇಕು. ಸ್ಮ್ಯಾಕ್ ಇರುವುದು ಮೈಟೊಕಾಂಡ್ರಿಯಾದ ಒಳಗೆ. ಹಾಗಾಗಿ ಹೊರಗಿನಿಂದ ಶುರುವಾದ ಸಾವೂ ಬಿಡ್ ಸೇತುವೆ ದಾಟಿ ಮೈಟೊಕಾಂಡ್ರಿಯಾ ತೂತು ಮಾಡಿಯೇ ಮುಂದೆ ಹೋಗಬೇಕು. ಇಲಿಯ ಯಕೃತ್ತಿನ ಕೋಶಗಳೂ ಇದೇ ಥರ. ಬಿಡ್ ಇಲ್ಲದ ಇಲಿಗಳಿಗೆ ಫ್ಯಾಸ್ ಆಂಟಿಬಾಡಿ ಚುಚ್ಚಿದರೆ, ಸಾಮಾನ್ಯ ಇಲಿಗಳು ಯಕೃತ್ತು ಹಾಳಾಗಿ ಸಾಯುವ ಪ್ರಮಾಣದಲ್ಲೂ ಅವು ಬಹುಪಾಲು ಉಳಿದವು. ಆಮೇಲೆ 2009ರಲ್ಲಿ ಎಕ್ಸ್‌ಐಎಪಿ ಇಲ್ಲದ ಇಲಿಗಳಲ್ಲಿ ಅದೇ ಯಕೃತ್ತಿನ ಕೋಶಗಳು ಟೈಪ್ 1ರಂತೆ ನಡೆದುಕೊಂಡವು. ಸೇತುವೆಯ ಅಗತ್ಯವೇ ಬೀಳಲಿಲ್ಲ. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಫಲಿತಾಂಶಗಳಲ್ಲಿ ಇದೂ ಒಂದು. ಅಡ್ಡ ನಿಂತವನು ಯಾರು ಅನ್ನುವುದನ್ನು ಅವನನ್ನು ತೆಗೆದೇ ತೋರಿಸಿದರು.

ಇದರಿಂದ ನಿಮಗೆ ಆಗುವ ತೊಂದರೆ ಏನು ಗೊತ್ತಾ? ಜರ್ಕಟ್‌ನಲ್ಲಿ ಒಳದಾರಿ ಶುರುವಾದರೂ ಕೊನೆಗೆ 8 ಕತ್ತರಿಸಿಕೊಳ್ಳುತ್ತದೆ. ಹೊರದಾರಿ ಶುರುವಾದರೂ 9 ಕತ್ತರಿಸಿಕೊಳ್ಳುತ್ತದೆ. 16 ಗಂಟೆಗೆ ಎರಡೂ ಬ್ಲಾಟ್ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೂ ಹೇಳಲು ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಮಯ ಬದಲಿಸಿ ನೋಡುವುದು ಮೊದಲ ಹೆಜ್ಜೆ. 0, 2, 4, 6, 8, 12 ಗಂಟೆಗೆ ಮಾದರಿ ತೆಗೆಯಿರಿ. ಫ್ಯಾಸ್ ಆಂಟಿಬಾಡಿ ಹಾಕಿದ ಕೋಶಗಳಲ್ಲಿ ಕ್ಯಾಸ್ಪೇಸ್-8ರ 43/41 ತುಂಡು ಬೇಗ, ಮೊದಲ ಕೆಲವು ಗಂಟೆಗಳಲ್ಲೇ ಕಾಣುತ್ತದೆ. ಎಟೊಪೊಸೈಡ್ ಕೋಶಗಳಲ್ಲಿ ಅದು 3ರ ಜೊತೆಗೋ ಅದರ ಹಿಂದೆಯೋ ಬರಬೇಕು. ಆದರೆ ಸಮಯವನ್ನೇ ಪೂರ್ತಿ ನಂಬಬೇಡಿ. ಒಂದೊಂದು ಕೋಶದಲ್ಲಿ ಈ ಕೆಲಸ ಬಹಳ ಬೇಗ ಮುಗಿಯುತ್ತದೆ. ಡೌಗ್ಲಸ್ ಗ್ರೀನ್ ಅವರ ತಂಡ 2000ದಲ್ಲಿ ಹೊಳೆಯುವ ಸೈಟೊಕ್ರೋಮ್ ಸಿ ಇಟ್ಟು ಜೀವಂತ ಹೀಲಾ ಕೋಶಗಳನ್ನು ನೋಡಿದಾಗ, ಸೋರಿಕೆ ಶುರುವಾದ ಮೇಲೆ ಸುಮಾರು 5 ನಿಮಿಷದಲ್ಲಿ ಎಲ್ಲವೂ ಹೊರಗಿತ್ತು. ಆದರೆ ಯಾವ ಕೋಶ ಯಾವಾಗ ಶುರುಮಾಡುತ್ತದೆ ಅನ್ನುವುದರಲ್ಲಿ ಗಂಟೆಗಟ್ಟಲೆ ವ್ಯತ್ಯಾಸ. ಬಾಣಲೆಯಲ್ಲಿ ಭತ್ತದ ಅರಳು ಹುರಿದ ಹಾಗೆ: ಒಂದೊಂದು ಕಾಳು ಸಿಡಿಯುವುದು ಕ್ಷಣದಲ್ಲಿ, ಬಾಣಲೆ ತುಂಬುವುದು ನಿಧಾನವಾಗಿ. ನಿಮ್ಮ ಬ್ಲಾಟ್ ನೋಡುವುದು ಇಡೀ ಬಾಣಲೆಯನ್ನು. ಹಾಗಾಗಿ 4 ಗಂಟೆಯ ಮಸುಕು ಬ್ಯಾಂಡ್ ಅಂದರೆ ಎಲ್ಲ ಕೋಶಗಳಲ್ಲೂ ಸ್ವಲ್ಪ ಸ್ವಲ್ಪ ಕಡಿತ ಅಂತಲ್ಲ. ಕೆಲವು ಕೋಶಗಳಲ್ಲಿ ಪೂರ್ತಿ, ಉಳಿದವುಗಳಲ್ಲಿ ಏನೂ ಇಲ್ಲ. 3 ಮೊದಲೋ 8 ಮೊದಲೋ ಅನ್ನುವುದು ಆ ಸರಾಸರಿಯಲ್ಲಿ ಮುಚ್ಚಿಹೋಗಬಹುದು.

ನಾನು ನಂಬುವುದು ತಡೆದು ನೋಡುವ ಪ್ರಯೋಗವನ್ನು. ಇದು ಎಂ.ಎಸ್ಸಿ ಪ್ರಾಜೆಕ್ಟ್‌ನಲ್ಲಿ ಮಾಡಬಹುದಾದಷ್ಟು ಸುಲಭ. ಕ್ಯೂ-ವಿಡಿ-ಒಪಿಎಚ್ ಎಂಬ ಕ್ಯಾಸ್ಪೇಸ್ ತಡೆಗಾರ ತೆಗೆದುಕೊಳ್ಳಿ. ಅದು ಹೆಚ್ಚುಕಡಿಮೆ ಎಲ್ಲ ಕ್ಯಾಸ್ಪೇಸ್‌ಗಳನ್ನೂ ಹಿಡಿದು ನಿಲ್ಲಿಸುತ್ತದೆ. ಐದು ಗುಂಪು ಇಡಿ: ಬರೀ ಡಿಎಂಎಸ್ಒ, ಎಟೊಪೊಸೈಡ್, ಎಟೊಪೊಸೈಡ್ ಜೊತೆ ಕ್ಯೂ-ವಿಡಿ, ಫ್ಯಾಸ್ ಆಂಟಿಬಾಡಿ, ಫ್ಯಾಸ್ ಆಂಟಿಬಾಡಿ ಜೊತೆ ಕ್ಯೂ-ವಿಡಿ. ಡಿಎಂಎಸ್ಒ ಪ್ರಮಾಣ ಎಲ್ಲದರಲ್ಲೂ ಒಂದೇ ಇರಲಿ. ಕ್ಯೂ-ವಿಡಿ 20 ಮೈಕ್ರೋಮೋಲಾರ್ ಸಾಕು, ಔಷಧಿಗಿಂತ ಅರ್ಧ ಗಂಟೆ ಮೊದಲೇ ಹಾಕಿ. ಫ್ಯಾಸ್‌ಗೆ ಸಿಎಚ್-11 ಆಂಟಿಬಾಡಿ ಒಳ್ಳೆಯದು. ಅದು ಐಜಿಎಂ ಜಾತಿಯದ್ದು, ತಾನೇ ರಿಸೆಪ್ಟರ್‌ಗಳನ್ನು ಗುಂಪು ಮಾಡುತ್ತದೆ. ಫ್ಯಾಸ್ ಗುಂಪುಗಳನ್ನು ಸುಮ್ನೆ ಸೇರಿಸಿದ್ದಲ್ಲ. ಹೊರದಾರಿ ನಿಜವಾಗಿ ಶುರುವಾದರೆ ನಿಮ್ಮ ಕೈಯಲ್ಲಿ, ನಿಮ್ಮ ಕೋಶದಲ್ಲಿ ಹೇಗೆ ಕಾಣುತ್ತದೆ ಅಂತ ತೋರಿಸುವ ಕಂಟ್ರೋಲ್ ಅದು.

ಈಗ ಬರೀ ಕ್ಯಾಸ್ಪೇಸ್ ನೋಡಬೇಡಿ, ಸೈಟೊಕ್ರೋಮ್ ಸಿ ಎಲ್ಲಿದೆ ಅಂತ ನೋಡಿ. ಕೋಶಗಳಿಗೆ ಕಡಿಮೆ ಪ್ರಮಾಣದ ಡಿಜಿಟೋನಿನ್ ಹಾಕಿದರೆ ಕೋಶದ ಹೊರಪೊರೆ ಮಾತ್ರ ತೂತಾಗುತ್ತದೆ, ಮೈಟೊಕಾಂಡ್ರಿಯಾ ಹಾಗೇ ಉಳಿಯುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ಮೇಲಿನ ದ್ರವದಲ್ಲಿ ಸೈಟೊಸೋಲ್, ಕೆಳಗಿನ ಗಟ್ಟಿಯಲ್ಲಿ ಮೈಟೊಕಾಂಡ್ರಿಯಾ. ಡಿಜಿಟೋನಿನ್ ಪ್ರಮಾಣವನ್ನು ಇನ್ನೊಬ್ಬರ ಪ್ರೋಟೋಕಾಲ್‌ನಿಂದ ಹಾಗೇ ತೆಗೆದುಕೊಳ್ಳಬೇಡಿ. ಬಾಟಲಿಯಿಂದ ಬಾಟಲಿಗೆ ಅದರ ಶಕ್ತಿ ಬದಲಾಗುತ್ತದೆ. ಟ್ರಿಪಾನ್ ಬ್ಲೂ ಹಾಕಿ, ಹೆಚ್ಚುಕಡಿಮೆ ಎಲ್ಲ ಕೋಶವೂ ನೀಲಿಯಾಗುವ ಅತಿ ಕಡಿಮೆ ಪ್ರಮಾಣವನ್ನು ನೀವೇ ಹುಡುಕಿ. ಮೇಲಿನ ದ್ರವದಲ್ಲಿ ಮೈಟೊಕಾಂಡ್ರಿಯಾದ ಪೊರೆಯ ಪ್ರೋಟೀನ್ ವಿಡ್ಯಾಕ್‌ನ ಬ್ಯಾಂಡ್ ಬಂದರೆ ಮೈಟೊಕಾಂಡ್ರಿಯಾವೂ ಒಡೆದಿದೆ ಅಥವಾ ಗಟ್ಟಿ ಮೇಲೆ ಬಂದಿದೆ, ಆ ಮಾದರಿ ಬಿಡಿ. ಔಷಧಿ ಹಾಕದ ಗುಂಪಿನಲ್ಲೇ ಸೈಟೊಕ್ರೋಮ್ ಸಿ ಹೊರಗೆ ಕಂಡರೆ ತಪ್ಪು ಡಿಜಿಟೋನಿನ್‌ದು.

ಏನು ಬರಬೇಕು ಅಂತ ಹೇಳುತ್ತೇನೆ. ಎಟೊಪೊಸೈಡ್ ಒಂದೇ ಇರುವ ಗುಂಪಿನಲ್ಲಿ ಸೈಟೊಕ್ರೋಮ್ ಸಿ ಹೊರಗೆ, 9, 3, 8 ಎಲ್ಲವೂ ತುಂಡು. ಎಟೊಪೊಸೈಡ್ ಜೊತೆ ಕ್ಯೂ-ವಿಡಿ ಇರುವ ಗುಂಪಿನಲ್ಲಿ ಸೈಟೊಕ್ರೋಮ್ ಸಿ ಹೊರಗೇ ಇರಬೇಕು, ಆದರೆ ಕ್ಯಾಸ್ಪೇಸ್-8ರ ತುಂಡು ಮಾಯವಾಗಬೇಕು. ಇದು ಬಂದರೆ ನಿಮ್ಮ ಉತ್ತರ ಸಿಕ್ಕಿತು. ಕ್ಯಾಸ್ಪೇಸ್‌ಗಳೆಲ್ಲ ಕಟ್ಟಿಹಾಕಿಸಿಕೊಂಡಾಗಲೂ ಮೈಟೊಕಾಂಡ್ರಿಯಾ ತೂತಾಗಿದೆ, ಅಂದರೆ ತೂತು ಮಾಡಿಸಿದ್ದು ಕ್ಯಾಸ್ಪೇಸ್-8 ಅಲ್ಲ. ಫ್ಯಾಸ್ ಗುಂಪಿನಲ್ಲಿ ಕಥೆ ತಿರುಗುಮುರುಗು. ಫ್ಯಾಸ್ ಒಂದೇ ಇದ್ದರೆ ಸೈಟೊಕ್ರೋಮ್ ಸಿ ಹೊರಗೆ ಬರುತ್ತದೆ. ಕ್ಯೂ-ವಿಡಿ ಸೇರಿಸಿದರೆ ಅದು ಒಳಗೇ ಉಳಿಯಬೇಕು, ಯಾಕೆಂದರೆ ಇಲ್ಲಿ ಮೈಟೊಕಾಂಡ್ರಿಯಾಕ್ಕೆ ಸುದ್ದಿ ತಲುಪಿಸುವುದೇ ಕ್ಯಾಸ್ಪೇಸ್-8. ಈ ಗುಂಪಿನಲ್ಲಿ ಮಸುಕಾದ 43/41 ತುಂಡು ಉಳಿದರೆ ಗಾಬರಿ ಬೇಡ. ಡಿಸ್ಕ್‌ನಲ್ಲಿ ಆಗುವ ಮೊದಲ ಕಡಿತವನ್ನು ಪೂರ್ತಿ ತಡೆಯುವುದು ಕಷ್ಟ.

ಒಂದು ಎಚ್ಚರಿಕೆ. ಎಟೊಪೊಸೈಡ್ ಜೊತೆ ಕ್ಯೂ-ವಿಡಿ ಹಾಕಿದ ಕೋಶಗಳು ಬದುಕಿಬಿಡುತ್ತವೆ ಅಂದುಕೊಳ್ಳಬೇಡಿ. ಮೈಟೊಕಾಂಡ್ರಿಯಾ ತೂತಾದ ಮೇಲೆ ಹೆಚ್ಚಿನ ಕೋಶಗಳು ಕ್ಯಾಸ್ಪೇಸ್ ಇಲ್ಲದೆಯೂ ನಿಧಾನವಾಗಿ ಸಾಯುತ್ತವೆ. ಹಾಗಾಗಿ ಎರಡು ದಿನ ಬಿಟ್ಟು, ಬದುಕಿರುವ ಕೋಶ ಎಷ್ಟೆಂದು ಅಳೆಯುವ ಎಂಟಿಟಿ ಪರೀಕ್ಷೆ ಮಾಡಿ, ಕೋಶ ಉಳಿಯಲಿಲ್ಲ, ಆದ್ದರಿಂದ ಕ್ಯಾಸ್ಪೇಸ್ ಪಾತ್ರವಿಲ್ಲ ಅಂತ ಬರೆಯುವುದು ತಪ್ಪು. ಹಿಂದೆ ಎಲ್ಲರೂ ಬಳಸುತ್ತಿದ್ದ ಜಡ್-ವ್ಯಾಡ್‌ಗಿಂತ ಕ್ಯೂ-ವಿಡಿ ಹೇಳಿದ್ದಕ್ಕೂ ಕಾರಣ ಇದೆ. ಜಡ್-ವ್ಯಾಡ್ ಜಾಸ್ತಿ ಪ್ರಮಾಣದಲ್ಲಿ ಕೋಶಕ್ಕೆ ವಿಷ, ಬೇರೆ ಕಿಣ್ವಗಳನ್ನೂ ಹಿಡಿಯುತ್ತದೆ.

ಇದಕ್ಕಿಂತ ಬಲವಾದ ಸಾಕ್ಷಿ ಬೇಕೆಂದರೆ ಕ್ಯಾಸ್ಪೇಸ್-8 ಇಲ್ಲದ ಜರ್ಕಟ್ ತಳಿ ಇದೆ, ಐ9.2 ಅಂತ ಅದರ ಹೆಸರು. ಫ್ಯಾಡ್ ಇಲ್ಲದ್ದು ಐ2.1. ಇವು ಫ್ಯಾಸ್ ಆಂಟಿಬಾಡಿಗೆ ಜಗ್ಗುವುದಿಲ್ಲ. ಎಟೊಪೊಸೈಡ್‌ಗೆ ಸಾಮಾನ್ಯ ಜರ್ಕಟ್‌ನಂತೆಯೇ ಸತ್ತರೆ ಕ್ಯಾಸ್ಪೇಸ್-8 ಬೇಕಿರಲಿಲ್ಲ ಅನ್ನುವುದು ಖಚಿತ. ಬೆಂಗಳೂರಿನ ಇಮ್ಯುನಾಲಜಿ ಲ್ಯಾಬ್‌ಗಳಲ್ಲಿ ಯಾರ ಬಳಿಯಾದರೂ ಇರಬಹುದು, ಗೈಡ್ ಮೂಲಕ ಕೇಳಿಸಿ. ಸಿಗದಿದ್ದರೆ ಕ್ಯೂ-ವಿಡಿ ಪ್ರಯೋಗವೇ ಸಾಕು.

ಕಿಟ್‌ಗಳ ಬಗ್ಗೆ ಒಂದು ಮಾತು, ಯಾಕೆಂದರೆ ಬ್ಲಾಟ್ ಬಿಟ್ಟು ಕಿಟ್ ಕೊಳ್ಳುವ ಸಲಹೆ ನಿಮಗೆ ಬಂದೇ ಬರುತ್ತದೆ. ಕ್ಯಾಸ್ಪೇಸ್-8 ಕಿಟ್‌ನಲ್ಲಿ ಇರುವುದು ಐಇಟಿಡಿ ಎಂಬ ನಾಲ್ಕು ಅಮೈನೋ ಆಮ್ಲಗಳ ತುಣುಕು, 9ರ ಕಿಟ್‌ನಲ್ಲಿ ಎಲ್ಇಎಚ್‌ಡಿ, 3ರದ್ದರಲ್ಲಿ ಡಿಇವಿಡಿ. ಎದ್ದ ಕ್ಯಾಸ್ಪೇಸ್-3 ಈ ಮೂರನ್ನೂ ಕತ್ತರಿಸಬಲ್ಲದು. ಸಾಯುತ್ತಿರುವ ಕೋಶದಲ್ಲಿ ಅದು ಹೇರಳವಾಗಿಯೂ ಇರುತ್ತದೆ, ಚುರುಕಾಗಿಯೂ ಇರುತ್ತದೆ. ಹಾಗಾಗಿ ಮೂರು ಕಿಟ್‌ನಲ್ಲೂ ಬಣ್ಣ ಏರಿದರೆ ನೀವು ಕ್ಯಾಸ್ಪೇಸ್-3ನ್ನೇ ಮೂರು ಸಲ ಅಳೆದಿರುವ ಸಾಧ್ಯತೆ ದೊಡ್ಡದು. ತಡೆಗಾರಗಳ ಕಥೆಯೂ ಅದೇ, ಕ್ಯಾಸ್ಪೇಸ್-8ಕ್ಕೆ ಮಾತ್ರ ಎಂದು ಮಾರುವ ಐಇಟಿಡಿ ತಡೆಗಾರ 8ಕ್ಕೆ ಮಾತ್ರ ಅಲ್ಲ.

ನಮ್ಮೂರಿನ ಕಾಲೇಜುಗಳಲ್ಲಿ ಇನ್ನೊಂದು ಸಾಮಾನ್ಯ ತೊಡಕು ಇದೆ. ನಿಮ್ಮ ಜೂನಿಯರ್‌ಗಳಿಗೆ ಉಪಯೋಗವಾಗಲಿ ಅಂತ ಹೇಳುತ್ತಿದ್ದೇನೆ. ಗಿಡದ ಸಾರ ತೆಗೆದು ಎಂಸಿಎಫ್-7 ಕೋಶಗಳಿಗೆ ಹಾಕಿ ಅಪಾಪ್ಟೋಸಿಸ್ ತೋರಿಸುವ ಪ್ರಾಜೆಕ್ಟ್ ಪ್ರತಿ ವರ್ಷ ಬರುತ್ತದೆ. ಪುಣೆಯ ಎನ್‌ಸಿಸಿಎಸ್‌ನಿಂದ ಆ ಕೋಶ ಸುಲಭವಾಗಿ ಸಿಗುತ್ತದೆ, ಅದಕ್ಕೆ. ಆದರೆ ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ. ಅದರ ಜೀನ್‌ನಲ್ಲಿ 47 ಬೇಸ್‌ಗಳ ತುಂಡು ಬಿದ್ದುಹೋಗಿದೆ. ಆ ಕೋಶದಲ್ಲಿ ಕತ್ತರಿಸಿದ ಕ್ಯಾಸ್ಪೇಸ್-3 ಬ್ಯಾಂಡ್ ಬಂದಿದ್ದರೆ ಆಂಟಿಬಾಡಿಯನ್ನೋ ಕೋಶವನ್ನೋ ಅನುಮಾನಿಸಬೇಕು. ಬ್ಯಾಂಡ್ ಬರದಿದ್ದರೆ ಅಪಾಪ್ಟೋಸಿಸ್ ಆಗಿಲ್ಲ ಎಂದೂ ಹೇಳಬಾರದು, ಅಲ್ಲಿ 7 ಆ ಕೆಲಸ ಮಾಡುತ್ತದೆ.

ರಿಪೋರ್ಟ್‌ನಲ್ಲಿ ಈಗಿರುವ ಬ್ಲಾಟ್ ಇಟ್ಟುಕೊಂಡು ಇಷ್ಟು ಬರೆಯಬಹುದು: 25 ಮೈಕ್ರೋಮೋಲಾರ್ ಎಟೊಪೊಸೈಡ್ ಹಾಕಿದ 16 ಗಂಟೆಗೆ ಜರ್ಕಟ್ ಕೋಶಗಳಲ್ಲಿ ಕ್ಯಾಸ್ಪೇಸ್-3 ಚುರುಕಾಗಿದೆ, 8 ಮತ್ತು 9 ಕತ್ತರಿಸಿಕೊಂಡಿವೆ, 8ರ ಕಡಿತ 3 ಮತ್ತು 6ರ ಕೆಲಸದಿಂದಲೂ ಆಗಿರಬಹುದು. ಕ್ಯೂ-ವಿಡಿ ಪ್ರಯೋಗ ಮೇಲೆ ಹೇಳಿದಂತೆ ಬಂದರೆ ಸಾವು ಮೈಟೊಕಾಂಡ್ರಿಯಾದಿಂದ ಶುರುವಾಯಿತು ಅಂತ ಧೈರ್ಯವಾಗಿ ಬರೆಯಿರಿ. ಗೈಡ್‌ಗೆ 1999ರ ಆ ಜರ್ಕಟ್ ಸಾರದ ಪ್ರಯೋಗ ತೋರಿಸಿ ಮಾತಾಡಿ, ಒಪ್ಪುತ್ತಾರೆ.

ಆದರೆ ಆ ತೀರ್ಮಾನವನ್ನು ಬೇರೆ ಕೋಶಗಳಿಗೆ ಹಾಗೇ ಒಯ್ಯಬೇಡಿ. ಜರ್ಕಟ್‌ನಲ್ಲಿ ಪಿ53 ಕೆಟ್ಟಿದೆ. ಪಿ53 ಸರಿ ಇರುವ ಕೋಶಗಳಲ್ಲಿ ಡಿಎನ್ಎಗೆ ಪೆಟ್ಟು ಬಿದ್ದಾಗ ಅದು ಟ್ರೇಲ್ ರಿಸೆಪ್ಟರ್ ಡಿಆರ್5ನ್ನು ಜಾಸ್ತಿ ಮಾಡಿಸುತ್ತದೆ. ಅಂಥ ಕೋಶದಲ್ಲಿ ಎಟೊಪೊಸೈಡ್ ಹಾಕಿದಾಗ ಕ್ಯಾಸ್ಪೇಸ್-8 ನಿಜವಾಗಿಯೂ ಮುಂಚೆಯೇ ಎದ್ದಿರುವ ಸಾಧ್ಯತೆ ಇದೆ. ಅಲ್ಲಿ ಇದೇ ಐದು ಗುಂಪುಗಳನ್ನು ಮತ್ತೆ ಇಟ್ಟು ನೋಡಬೇಕಾಗುತ್ತದೆ.